ಪಿಪಿಪಿ ದರ ಹಾಕಿದರೆ ಭಾರತದ ಜಿಡಿಪಿ ದೊಡ್ಡದಾಗುವ ಬದಲು ಕುಗ್ಗುತ್ತಿದೆ, ಸೂತ್ರ ಎಲ್ಲಿ ತಪ್ಪಿದೆ?

ಅಡಿಕೆಮರ:
ಭಾರತ ಮತ್ತು ಜಪಾನ್ ಜಿಡಿಪಿ ಹೋಲಿಸೋಕೆ ವಿಶ್ವಬ್ಯಾಂಕ್ ಅಂಕಿ ಇಳಿಸಿಕೊಂಡು ಒಂದು ಹಾಳೆ ಮಾಡಿದ್ದೀನಿ. ವರ್ಷ 2017. B ಕಾಲಂನಲ್ಲಿ `NY.GDP.MKTP.CD`, D ಕಾಲಂನಲ್ಲಿ ಕೊಳ್ಳುವ ಶಕ್ತಿಯ ಸಮಾನತೆಯ, ಅಂದರೆ ಪಿಪಿಪಿ ದರ `PA.NUS.PPP`. ಸೂತ್ರ ಇಷ್ಟೇ:

```
=B2/D2
```

ಭಾರತದ್ದು 2.65 ಲಕ್ಷ ಕೋಟಿ ಡಾಲರ್, ಅದನ್ನ 20.65ರಿಂದ ಭಾಗಿಸಿದರೆ 13 ಸಾವಿರ ಕೋಟಿ ಡಾಲರ್ ಕೂಡ ಬರ್ತಿಲ್ಲ! ಪಿಪಿಪಿಯಲ್ಲಿ ನಾವು ಮೂರನೇ ಸ್ಥಾನ ಅಂತಾರಲ್ಲ, ಅದು ಹೇಗೆ?

ಹುಬ್ಳಿಹುಡ್ಗ:
ಭಾಗಾಕಾರ ಅಲ್ಲ ಗುರೂ, ಗುಣಾಕಾರ ಮಾಡು. ನಮ್ಮಲ್ಲಿ ಎಲ್ಲಾ ಸಸ್ತಾ, ಅದಕ್ಕ ದೊಡ್ಡದಾಗ್ಬೇಕು. ಹೆಂಗಿದ್ರೂ ಪಿಪಿಪಿನೇ ಖರೇ ಲೆಕ್ಕ, ಮಾರುಕಟ್ಟೆ ದರ ಅನ್ನೋದು ಸಟ್ಟಾ ಆಡೋರ ಆಟ.

ಲೆಕ್ಕಿಗ:
ಗುಣಿಸಿದರೆ 55 ಲಕ್ಷ ಕೋಟಿ ಡಾಲರ್ ಬರುತ್ತೆ ಸ್ವಾಮಿ, ಅಮೆರಿಕದ ಸುಮಾರು ಮೂರು ಪಟ್ಟು! ಅಡಿಕೆಮರ ಅವರೇ, ನಿಮ್ಮ ಭಾಗಾಕಾರ ಸರಿ, ಭಾಗಿಸೋಕೆ ತಗೊಂಡ ಮೊತ್ತ ತಪ್ಪು. `CD`ಯಲ್ಲಿ ಮುಗಿಯೋ ಅಂಕಿ ಆಗಲೇ ಡಾಲರ್ ಆದ ಮೊತ್ತ, ರೂಪಾಯಿಯನ್ನ ಮಾರುಕಟ್ಟೆ ದರದಲ್ಲಿ ಒಮ್ಮೆ ಬದಲಾಯಿಸಿಯಾಗಿದೆ. ಅದನ್ನ ಮತ್ತೆ 20.65ರಿಂದ ಭಾಗಿಸಿದರೆ ಎರಡು ಸಲ ಬದಲಾಯಿಸಿದ ಹಾಗೆ. 20.65 ಅನ್ನೋದು ಅಮೆರಿಕದಲ್ಲಿ ಒಂದು ಡಾಲರಿಗೆ ಬರೋ ಸಾಮಾನಿಗೆ ಇಲ್ಲಿ ಎಷ್ಟು ರೂಪಾಯಿ ಬೇಕು ಅನ್ನೋ ಲೆಕ್ಕ. ಹಾಗಾಗಿ ಅದಕ್ಕೆ ಕೊಡಬೇಕಾದ್ದು ರೂಪಾಯಿ ಮೊತ್ತ. `NY.GDP.MKTP.CN` ಇಳಿಸಿ, B ಕಾಲಂನಲ್ಲಿ ಅದನ್ನ ಹಾಕಿ.

ಭಾರತ: ಸುಮಾರು 171 ಲಕ್ಷ ಕೋಟಿ ರೂಪಾಯಿ. 65ರಿಂದ ಭಾಗಿಸಿದರೆ ಮಾರುಕಟ್ಟೆ ಲೆಕ್ಕ, 2.6 ಲಕ್ಷ ಕೋಟಿ ಡಾಲರ್. 20.65ರಿಂದ ಭಾಗಿಸಿದರೆ 8.3.
ಜಪಾನ್: ಸುಮಾರು 553 ಲಕ್ಷ ಕೋಟಿ ಯೆನ್. 112ರಿಂದ 4.9, ಪಿಪಿಪಿಯ 105ರಿಂದ 5.3.

ನೋಡಿ, ಒಂದೇ ವರ್ಷ, ಅವೇ ಎರಡು ದೇಶ. ಒಂದು ಲೆಕ್ಕದಲ್ಲಿ ನಾವು ಜಪಾನಿನ ಅರ್ಧ, ಇನ್ನೊಂದರಲ್ಲಿ ಒಂದೂವರೆ ಪಟ್ಟು. ಜಪಾನಿನ ಎರಡು ದರ ಹತ್ತಿರ ಹತ್ತಿರ ಇದೆ, ನಮ್ಮದು ಮೂರು ಪಟ್ಟು ದೂರ. ಎಲ್ಲಾ ವ್ಯತ್ಯಾಸ ಹುಟ್ಟೋದು ಅಲ್ಲೇ. ಕ್ಷೌರ, ಬಸ್ ಟಿಕೆಟ್, ಮನೆಬಾಡಿಗೆ ಗಡಿ ದಾಟಿ ಮಾರಾಟ ಆಗಲ್ಲ, ಅವುಗಳ ಬೆಲೆಯನ್ನ ಇಲ್ಲಿನ ಕಡಿಮೆ ಕೂಲಿ ಕೆಳಗೇ ಹಿಡಿದಿಡುತ್ತೆ.

ಅಡಿಕೆಮರ:
ಹಾಕಿದೆ, ಬಂತು. ಆದರೆ ಇನ್ನೊಂದು ವಿಚಿತ್ರ. `CD`ಯಲ್ಲಿ ಜಪಾನ್ 2012ರಲ್ಲಿ 6.27 ಇತ್ತು, 2023ರಲ್ಲಿ 4.2. ಮೂರನೇ ಒಂದು ಭಾಗ ಹೋಯ್ತಾ?

ಲೆಕ್ಕಿಗ:
ಹೋಗಿಲ್ಲ. ಯೆನ್‌ನಲ್ಲೇ ನೋಡಿ, 500ರಿಂದ ಸುಮಾರು 590 ಲಕ್ಷ ಕೋಟಿಗೆ ಏರಿದೆ. ಆದರೆ ಡಾಲರಿಗೆ 80 ಯೆನ್ ಇದ್ದದ್ದು 140 ಆಯ್ತು. ಕಾರ್ಖಾನೆ ಮುಚ್ಚಿದ್ದಕ್ಕಲ್ಲ, ಯೆನ್ ಬಿದ್ದದ್ದಕ್ಕೆ ಸಂಖ್ಯೆ ಇಳಿದದ್ದು. ಇಂಥ ಜಿಗಿತ ಕಂಡರೆ ಮೊದಲು ಸ್ವಂತ ಕರೆನ್ಸಿಯ ಕಾಲಂ ತೆರೆದು ನೋಡೋದು ನನ್ನ ಅಭ್ಯಾಸ.

ಹುಬ್ಳಿಹುಡ್ಗ ಅವರೇ, ಇದನ್ನ ನೋಡಿ ಮಾರುಕಟ್ಟೆ ದರ ಬರೀ ಆಟ ಅನ್ನಬೇಡಿ. ಕಚ್ಚಾತೈಲ, ವಿಮಾನ, ವಿದೇಶಿ ಸಾಲದ ಕಂತು, ಯಾವುದನ್ನೂ ಪಿಪಿಪಿ ಡಾಲರಲ್ಲಿ ಕಟ್ಟೋಕಾಗಲ್ಲ. ಐಎಂಎಫ್‌ನ ಪ್ರತಿ ದೇಶದ ಪಾಲು ಗೊತ್ತುಮಾಡೋ ಕೋಟಾ ಸೂತ್ರದಲ್ಲೂ ಜಿಡಿಪಿಯ ಭಾಗಕ್ಕೆ 60 ಪ್ರತಿಶತ ಮಾರುಕಟ್ಟೆ ದರ, 40 ಪ್ರತಿಶತ ಪಿಪಿಪಿ.

ಪುಟ್ಟಗೌರಿ:
ನಡುವೆ ಬಂದೆ, ಕ್ಷಮಿಸಿ. ಮಗಳಿಗೆ ಒಸಾಕಾದಲ್ಲಿ ತಿಂಗಳಿಗೆ 3 ಲಕ್ಷ ಯೆನ್ ಕೊಡ್ತಾರಂತೆ. 105ರಿಂದ ಭಾಗಿಸಿ 20.65ರಿಂದ ಗುಣಿಸಿದರೆ 59 ಸಾವಿರ ರೂಪಾಯಿ. ಇಷ್ಟಕ್ಕೆ ಅಷ್ಟು ದೂರ ಯಾಕೆ ಹೋಗಬೇಕು?

ಲೆಕ್ಕಿಗ:
ಅಮ್ಮಾ, ಅದು ಇಡೀ ಜಿಡಿಪಿಯ ದರ, ಸೇತುವೆ, ಯಂತ್ರ, ಸರ್ಕಾರಿ ಸಂಬಳ ಎಲ್ಲ ಸೇರಿದ್ದು, ಅದೂ 2017ರದು. ಮನೆಖರ್ಚಿಗೆ `PA.NUS.PRVT.PP` ಬೇರೆ ಇದೆ, ಹೊಸ ವರ್ಷದ್ದು ತಗೊಳ್ಳಿ. ಅವಳು ಅಲ್ಲೇ ಖರ್ಚು ಮಾಡೋ ಭಾಗಕ್ಕೆ ಮಾತ್ರ ಅದನ್ನ ಹಾಕಿ. ಉಳಿಸಿ ಮನೆಗೆ ಕಳಿಸೋ ಹಣ ಬ್ಯಾಂಕ್ ದರದಲ್ಲೇ ಬರುತ್ತೆ.

ಹುಬ್ಳಿಹುಡ್ಗ:
ಆತಪ್ಪಾ, ಆದ್ರ ಆ 20.65 ಯಾರು ಅಳದ್ರು?

ಲೆಕ್ಕಿಗ:
ಒಳ್ಳೆ ಪ್ರಶ್ನೆ. ಐಸಿಪಿ ಅಂತ ಜಾಗತಿಕ ಬೆಲೆ ಸಮೀಕ್ಷೆ ಇದೆ. ಇತ್ತೀಚಿನ ಸುತ್ತುಗಳು 2011, 2017, 2021. ಮಧ್ಯದ ವರ್ಷಗಳಿಗೆ ಎರಡು ದೇಶಗಳ ಹಣದುಬ್ಬರದ ವ್ಯತ್ಯಾಸ ಹಿಡಿದು ದರ ಅಂದಾಜು ಮಾಡ್ತಾರೆ. ಹೊಸ ಸುತ್ತು ಬಂದಾಗ ಹಳೇ ವರ್ಷಗಳೂ ತಿದ್ದುಪಡಿ ಆಗ್ತವೆ, ಹಾಗಾಗಿ ಹಳೇ ಡೌನ್‌ಲೋಡಿನ D ಕಾಲಂಗೆ ಹೊಸ B ಕಾಲಂ ಅಂಟಿಸಬೇಡಿ. 2005ರ ಸುತ್ತಿನ ಫಲಿತಾಂಶ ಬಂದಾಗ ಚೀನಾದ ಪಿಪಿಪಿ ಗಾತ್ರ ಹಿಂದಿನ ಅಂದಾಜಿಗಿಂತ ಸುಮಾರು 40 ಪ್ರತಿಶತ ಕುಸಿದಿತ್ತು. ಚೀನಾದಲ್ಲಿ ಒಂದು ಚೀಲ ಅಕ್ಕಿಯೂ ಕಡಿಮೆಯಾಗಿರಲಿಲ್ಲ. ಆ ಸಲ ಬೆಲೆ ತೆಗೆದದ್ದು 11 ನಗರಗಳಲ್ಲಿ, ಹಳ್ಳಿಗಳ ಅಗ್ಗದ ಬೆಲೆ ಸರಿಯಾಗಿ ಸೇರಿಲ್ಲ ಅಂತ ದೊಡ್ಡ ತಕರಾರಾಗಿತ್ತು.

ಅಡಿಕೆಮರ:
ಸರಿ, ಎರಡನ್ನೂ ಒಂದೇ ದಿನ ಇಳಿಸಿಕೊಳ್ತೀನಿ. ಆದರೆ ಸರ್ಕಾರಿ ಶಾಲೆ ಮೇಷ್ಟ್ರ ಪಾಠವನ್ನ ಎರಡು ದೇಶದ ನಡುವೆ ಹೇಗೆ ಹೋಲಿಸ್ತಾರೆ? ಅದಕ್ಕೆ ಮಾರುಕಟ್ಟೆ ಬೆಲೆಯೇ ಇಲ್ವಲ್ಲ.

ಲೆಕ್ಕಿಗ:
ಹೆಚ್ಚಿನ ಕಡೆ ಸಂಬಳದಿಂದಲೇ. ನಮ್ಮ ಮೇಷ್ಟ್ರು ಅಲ್ಲಿಯವರಷ್ಟೇ ಕಲಿಸ್ತಾರೆ ಅಂತ ಇಟ್ಟುಕೊಳ್ಳಬೇಕಾ ಬೇಡವಾ ಅನ್ನೋ ಜಗಳ ಇನ್ನೂ ಮುಗಿದಿಲ್ಲ. ಕೆಲವು ಪ್ರದೇಶಗಳ ಲೆಕ್ಕದಲ್ಲಿ ಉತ್ಪಾದಕತೆ ಕಡಿಮೆ ಅಂತ ಸ್ವಲ್ಪ ಕಳೀತಾರೆ. ಎಷ್ಟು ಕಳೆದರೆ ನ್ಯಾಯ ಅಂತ ಕೇಳಿದರೆ ನನ್ನ ಹತ್ರ ಉತ್ತರ ಇಲ್ಲ.