‘ಮುಂದಿನ ಭಾನುವಾರ’ ಅಂದ್ರೆ ಯಾವತ್ತು?

ಬೆಂಗಳೂರಿನಿಂದ:
ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿಗೆ ಜೂನ್ 3ರ ಬುಧವಾರ ಒಂದು ಉದ್ದದ ಮೆಸೇಜ್ ಬಂತು. ನಮಸ್ಕಾರ, ಟ್ಯಾಂಕರ್ ನೀರಿನ ಕಷ್ಟ, ಅದರ ಖರ್ಚು ಹಂಚಿಕೊಳ್ಳೋ ಮಾತು, ಹೋದ ಸಲ ಯಾರೂ ಬರಲಿಲ್ಲ ಅನ್ನೋ ಬೇಸರ, ಎಲ್ಲಾ ಇದೆ. ಕೊನೆಗೆ ಹೀಗಿದೆ: “ಮುಂದಿನ ಭಾನುವಾರ ಮುಂಜಾನೆ ಹತ್ತೂವರೆ ಹನ್ನೊಂದರ ಹೊತ್ತಿಗೆ ಎಲ್ಲರೂ ಟೆರೇಸಿಗೆ ಬನ್ನಿ, ಮಳೆ ಬಂದ್ರೆ ಬಿ ಬ್ಲಾಕ್ ಪಾರ್ಕಿಂಗ್‌ನಲ್ಲಿ ಸೇರೋಣ.” ನಾಲ್ಕು ಮನೆಯವರು 7ಕ್ಕೇ ಟೆರೇಸಿಗೆ ಹೋಗಿ ವಾಪಸ್ ಬಂದರು. ಸಭೆ ಇರೋದು 14ಕ್ಕೆ. ಈಗ ಅದನ್ನು ಚಿಕ್ಕದಾಗಿ ಬರೆದು ಲಿಫ್ಟ್ ಪಕ್ಕ ಅಂಟಿಸಬೇಕು. ‘ಮುಂದಿನ’ ತಪ್ಪಾ? ತಲೆಬರಹಕ್ಕೆ ‘ಸೂಚನೆ’ ಸರಿಯಾ, ‘ಪ್ರಕಟಣೆ’ ಸರಿಯಾ?

ಶಿವಮೊಗ್ಗದಿಂದ:
‘ಬರುವ ಭಾನುವಾರ’ ಅಂದ್ರೆ 7, ‘ಮುಂದಿನ ಭಾನುವಾರ’ ಅಂದ್ರೆ 14. ಇದರಲ್ಲಿ ಗೊಂದಲವೇ ಇಲ್ಲ.

ಮಂಗಳೂರಿನಿಂದ:
ನಮ್ಮಲ್ಲಿ ಭಾನುವಾರ ಅನ್ನೋದೇ ಕಮ್ಮಿ, ಆದಿತ್ಯವಾರ ಅಂತೀವಿ. ನಮ್ಮ ಮಹಿಳಾ ಸಂಘದ ನೋಟಿಸಿನಲ್ಲೂ ಹಾಗೇ ಬರೀತೀವಿ, ಯಾರೂ ತಪ್ಪಿಸಿಕೊಂಡಿಲ್ಲ.

ಧಾರವಾಡದಿಂದ:
ಶಿವಮೊಗ್ಗದವರು ಹೇಳಿದ ಹಾಗೆ ಮಾತಾಡುವವರು ಬಹಳ ಜನ ಇದ್ದಾರೆ, ನಿಜ. ಆದರೆ ಮುಂದೆ ಮೊದಲು ಬರುವುದನ್ನೇ ‘ಮುಂದಿನ’ ಅನ್ನುವವರೂ ಅಷ್ಟೇ ಜನ. ಆ ನಾಲ್ಕು ಮನೆಯವರದು ತಪ್ಪಲ್ಲ. ಮಾತಿನಲ್ಲಾದರೆ “ಯಾವತ್ತು?” ಅಂತ ತಿರುಗಿ ಕೇಳಬಹುದು, ಗೋಡೆ ಮೇಲಿನ ಕಾಗದವನ್ನು ಕೇಳೋಕಾಗಲ್ಲ ಅಲ್ವಾ? ಅಲ್ಲಿ ತಾರೀಖು, ವಾರ ಎರಡೂ ಇರಲಿ. ಒಂದು ತಪ್ಪಿದ್ದರೆ ಇನ್ನೊಂದು ಹಿಡಿದುಕೊಡುತ್ತದೆ.

‘ಮುಂಜಾನೆ’ಯನ್ನೂ ನೋಡಿ. ನಮ್ಮ ಕಡೆ ಮುಂಜಾನೆ ಹನ್ನೊಂದು ಅನ್ನೋದು ಮಾಮೂಲಿ ಮಾತು. ಮೈಸೂರು ಕಡೆಯವರಿಗೆ ಮುಂಜಾನೆ ಅಂದ್ರೆ ಬೆಳಕು ಹರಿಯುವ ಹೊತ್ತು. ಎಲ್ಲ ಕಡೆಯವರೂ ಇರುವ ಕಟ್ಟಡದಲ್ಲಿ ‘ಬೆಳಿಗ್ಗೆ’ ಒಳ್ಳೇದು. ‘ಹೊತ್ತಿಗೆ’ ಅನ್ನೋದನ್ನು ತೆಗೆದುಬಿಡಿ, ಅದನ್ನು ಓದಿದವರು ಹನ್ನೊಂದೂವರೆಗೆ ಬರುತ್ತಾರೆ. ಜಾಗವೂ ಒಂದೇ ಇರಲಿ. ಜೂನ್ ತಿಂಗಳು, ಮಳೆ ಹೇಗೂ ಬರಬಹುದು. ಸೂರಿರುವ ಕಡೆಯೇ ಕರೆಯಿರಿ. ನಾನಾದರೆ ಹೀಗೆ ಬರೀತೀನಿ:

ಸಭೆಯ ಸೂಚನೆ
ವಿಷಯ: ಟ್ಯಾಂಕರ್ ನೀರಿನ ಖರ್ಚಿನ ಹಂಚಿಕೆ
ದಿನಾಂಕ: 14-6-2026, ಭಾನುವಾರ
ಸಮಯ: ಬೆಳಿಗ್ಗೆ 11ಕ್ಕೆ ಆರಂಭ
ಸ್ಥಳ: ಬಿ ಬ್ಲಾಕ್ ಪಾರ್ಕಿಂಗ್
ಮನೆಗೊಬ್ಬರು ದಯವಿಟ್ಟು ಬನ್ನಿ.
– ಕಾರ್ಯದರ್ಶಿ

ಹೋದ ಸಲದ ಬೇಸರ ಗ್ರೂಪಿನಲ್ಲೇ ಇರಲಿ, ಕಾಗದಕ್ಕೆ ಬೇಡ.

ಶಿವಮೊಗ್ಗದಿಂದ:
ತಾರೀಖಿನ ಮಾತು ಒಪ್ಪಿದೆ. ‘ಸೂಚನೆ’ ಒಪ್ಪಲಾರೆ. “ಇಲ್ಲಿ ಗಾಡಿ ನಿಲ್ಲಿಸಬೇಡಿ” ಅನ್ನೋದಕ್ಕೂ ಅದೇ ಪದ, ಅಪ್ಪಣೆ ಕೊಟ್ಟ ಹಾಗೆ ಕೇಳಿಸುತ್ತದೆ. ‘ತಿಳಿವಳಿಕೆ ಪತ್ರ’ ಹಾಕಬಹುದಲ್ಲ?

ಧಾರವಾಡದಿಂದ:
ಅದೂ ಸರಿಯೇ. ಆದರೆ ಸಹಕಾರ ಸಂಘಗಳಲ್ಲಿ ‘ತಿಳಿವಳಿಕೆ ಪತ್ರ’ ಅಂದ್ರೆ ಸದಸ್ಯರ ಕೈಗೆ ಕಳಿಸುವ ಕಾಗದ. ಲಿಫ್ಟ್ ಪಕ್ಕ ಅಂಟಿಸೋದಕ್ಕೆ ನನಗೆ ‘ಸೂಚನೆ’ಯೇ ಹತ್ತಿರ.

ಬೆಂಗಳೂರಿನಿಂದ:
ಇವತ್ತು ಸಂಜೆಯೇ ಅಂಟಿಸ್ತೀನಿ. ತಲೆಬರಹ ಬರೀ ‘ಸಭೆ’ ಅಂತ ದಪ್ಪಗೆ ಬರೆದರೆ ಸಾಕಾಗಲ್ವಾ?