ಫೋಟೋ ಇಲ್ಲದ ವಿಷ್ಣು: ಬಲಗೈ ಅಂದರೆ ಯಾರ ಬಲಗೈ?

ಬಸವನಗುಡಿಯಿಂದ ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ನಮ್ಮ ಬಡಾವಣೆಯಲ್ಲಿ ಸೋಮನಾಥಪುರದ ಗುಡಿಯ ಬಗ್ಗೆ ಒಂದು ಪುಟ್ಟ ಪ್ರದರ್ಶನ ಇದೆ. ಹೊರಗೋಡೆಯ ಒಂದು ವಿಷ್ಣುವಿಗೆ ವಿವರಣೆ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ಮೆಮೊರಿ ಕಾರ್ಡ್ ಕೆಟ್ಟು ಫೋಟೋ ಹೋಯಿತು. ಗೋಡೆಯ ಮುಂದೆ ನಿಂತು ಗೀಚಿಕೊಂಡದ್ದು ಮಾತ್ರ ಉಳಿದಿದೆ. ಇದ್ದ ಹಾಗೇ ಕೊಡುತ್ತೇನೆ:

"ನಿಂತ ವಿಷ್ಣು, ನಾಲ್ಕು ಕೈ. ಬಲ ಕೆಳಗೆ ಗದೆ, ಬಲ ಮೇಲೆ ಚಕ್ರ, ಎಡ ಮೇಲೆ ಶಂಖ, ಎಡ ಕೆಳಗೆ ಪದ್ಮ. ಎತ್ತರದ ಕಿರೀಟ. ಜನಿವಾರ ಬಲ ಭುಜದಿಂದ ಇಳಿದಿದೆ. ತೋಳಿಗೆ ವಂಕಿ. ತೊಡೆ ಮೇಲೆ ಮಣಿಸರ. ತಲೆ ಮೇಲೆ ಬಳ್ಳಿ."

ನಿಂತ ಭಂಗಿಗೆ ತ್ರಿಭಂಗ ಅನ್ನಬಹುದಾ? ತೊಡೆ ಮೇಲಿನ ಸರಕ್ಕೆ ಏನು ಹೆಸರು? ಕೊನೆಗೆ "ಹೊಯ್ಸಳ ಶೈಲಿಯ ಸೂಕ್ಷ್ಮ ಕೆತ್ತನೆ" ಎಂದು ಬರೆದರೆ ಸಾಕಾ? ಫೋಟೋ ಇಲ್ಲದೆ ಓದುವವರ ಕಣ್ಣಿಗೆ ಶಿಲ್ಪ ಕಟ್ಟಬೇಕು.

ಜಯನಗರದಿಂದ:

ಧಾರಾಳವಾಗಿ ತ್ರಿಭಂಗ ಅನ್ನಿ. ಹೊಯ್ಸಳ ಶಿಲ್ಪ ಅಂದಮೇಲೆ ಮೈ ಬಳುಕಿರಲೇಬೇಕು. ಬೇಲೂರಿನ ಮದನಿಕೆಯರನ್ನೇ ನೋಡಿ, ಕತ್ತು ಒಂದು ಕಡೆ, ನಡು ಇನ್ನೊಂದು ಕಡೆ. ಇನ್ನು ಸೋಮನಾಥಪುರದ್ದು ಕೇಶವನ ಗುಡಿ, ಹಾಗಾಗಿ ನಿಮ್ಮ ವಿಷ್ಣುವಿಗೆ ಕೇಶವ ಎಂದು ಹೆಸರು ಹಾಕಿದರೆ ಆಯಿತು.

ಯಲಹಂಕದಿಂದ:

ಕಾರ್ಡಿಗೆ ಹೊಸದೇನನ್ನೂ ಬರೆಯದೆ ಎತ್ತಿಡಿ. ಅಳಿಸಿಹೋದ ಫೋಟೋ ಎಷ್ಟೋ ಸಲ ವಾಪಸ್ ಬರುತ್ತದೆ. ನನ್ನ ಮಗಳ ಮದುವೆ ಫೋಟೋಗಳು ಹಾಗೇ ಸಿಕ್ಕವು.

ಮಲ್ಲೇಶ್ವರದಿಂದ:

ಮದನಿಕೆಯರ ಲೆಕ್ಕ ಬೇರೆ, ಗೋಡೆಯ ವಿಷ್ಣುವಿನ ಲೆಕ್ಕ ಬೇರೆ. ಒಂದು ದಾರದ ಪರೀಕ್ಷೆ ಹೇಳುತ್ತೇನೆ. ನೆತ್ತಿಯಿಂದ ತೂಗುಗುಂಡು ಇಳಿಬಿಟ್ಟ ಹಾಗೆ ಮನಸ್ಸಿನಲ್ಲೇ ಒಂದು ಗೆರೆ ಎಳೆಯಿರಿ. ಶಿಲ್ಪಿಗಳು ಇದಕ್ಕೆ ಬ್ರಹ್ಮಸೂತ್ರ ಅನ್ನುತ್ತಾರೆ. ಮೂಗು, ಹೊಕ್ಕುಳು ದಾಟಿ ಗೆರೆ ಎರಡು ಹಿಮ್ಮಡಿಗಳ ನಡುವೆ ಬಿದ್ದರೆ ಅದು ಸಮಭಂಗ. ಮೈಭಾರ ಎರಡೂ ಕಾಲಿಗೆ ಸಮ. ತಲೆ, ಎದೆ, ಸೊಂಟ ಮೂರೂ ಗೆರೆಯಿಂದ ಆಚೀಚೆ ಸರಿದು, ಭಾರವೆಲ್ಲ ಒಂದೇ ಕಾಲಿನ ಮೇಲಿದ್ದರೆ ತ್ರಿಭಂಗ. ಪಾದ ಹೇಗಿದ್ದವು, ನೆನಪಿದೆಯಾ?

ಅದಕ್ಕಿಂತ ದೊಡ್ಡ ವಿಷಯ ಕೈಗಳದ್ದು. ನಿಮ್ಮ ಟಿಪ್ಪಣಿಯ "ಬಲ" ದೇವರ ಬಲವೋ, ಎದುರಿಗೆ ನಿಂತ ನಿಮ್ಮ ಬಲವೋ? ಶಿಲ್ಪದ ವಿವರಣೆಯಲ್ಲಿ ಯಾವಾಗಲೂ ವಿಗ್ರಹದ ಬಲ, ವಿಗ್ರಹದ ಎಡ ಎಂದೇ ಬರೆಯುವುದು. ವಿಷ್ಣುವಿನಲ್ಲಿ ಇದು ತಪ್ಪಿದರೆ ದೇವರ ಹೆಸರೇ ಬದಲಾಗುತ್ತದೆ. ನಾಲ್ಕು ಕೈಯಲ್ಲಿ ನಾಲ್ಕು ವಸ್ತುಗಳನ್ನು ಅದಲುಬದಲು ಮಾಡುತ್ತಾ ಹೋದರೆ 24 ಜೋಡಣೆ ಬರುತ್ತವೆ. ಆಚಮನದಲ್ಲಿ ಕೇಶವಾಯ, ನಾರಾಯಣಾಯ, ಮಾಧವಾಯ ಎಂದು ಹೇಳುತ್ತೇವಲ್ಲ, ಅದೇ 24 ಹೆಸರು.

ಲೆಕ್ಕ ಶುರುವಾಗುವುದು ದೇವರ ಬಲ ಕೆಳಗೈಯಿಂದ. ಅಲ್ಲಿಂದ ಬಲ ಮೇಲ್ಗೈ, ಎಡ ಮೇಲ್ಗೈ, ಎಡ ಕೆಳಗೈ. ಪದ್ಮ, ಶಂಖ, ಚಕ್ರ, ಗದೆ ಬಂದರೆ ಕೇಶವ. ಗದೆ, ಚಕ್ರ, ಶಂಖ, ಪದ್ಮ ಬಂದರೆ ಮಾಧವ. ಗಮನಿಸಿ, ಎರಡೂ ಒಂದಕ್ಕೊಂದು ತಿರುವುಮುರುವು. ನಿಮ್ಮ ಟಿಪ್ಪಣಿಯನ್ನು ಬರೆದ ಹಾಗೇ ಓದಿದರೆ ಮಾಧವ. "ಬಲ" ನಿಮ್ಮ ಬಲವಾದರೆ ಕೇಶವ. ಗುಡಿಯ ಹೆಸರು ಇದನ್ನು ತೀರ್ಮಾನ ಮಾಡಲ್ಲ. ಅಲ್ಲಿ ಒಳಗೇ ಕೇಶವ, ಜನಾರ್ದನ, ವೇಣುಗೋಪಾಲ ಎಂದು ಮೂರು ಗರ್ಭಗುಡಿ ಇವೆ. ಗೋಡೆಯ ಮೇಲೆ ಬೇರೆ ಬೇರೆ ರೂಪಗಳಿವೆ.

ಆದರೆ ನಿಮ್ಮ ಟಿಪ್ಪಣಿಯಲ್ಲೇ ಒಂದು ಸುಳಿವಿದೆ. ಜನಿವಾರ ಹಾಕುವುದು ಎಡ ಭುಜದ ಮೇಲೆ. ನೀವು "ಬಲ ಭುಜ" ಎಂದು ಬರೆದಿದ್ದೀರಿ. ಅಂದರೆ ಅದು ನಿಮ್ಮ ಬಲಗಡೆಗೆ ಕಂಡ ಭುಜ, ದೇವರದ್ದು ಎಡ. ಕೈಗಳನ್ನೂ ಹಾಗೇ ಬರೆದುಕೊಂಡಿದ್ದರೆ ಆತ ಕೇಶವ.

ಹಲಸೂರಿನಿಂದ:

"ವಂಕಿ" ಓದಿ ನಮ್ಮಜ್ಜಿ ನೆನಪಾದರು. ಅವರ ವಂಕಿ ನಡುವೆ ಚೂಪಾಗಿ ಬಾಗಿತ್ತು, ತೋಳಿಗೆ ಕಚ್ಚಿ ಕೂರುತ್ತಿತ್ತು. ಶಿಲ್ಪದಲ್ಲಿ ಇರುವುದು ಸಾಮಾನ್ಯವಾಗಿ ನೇರ ಪಟ್ಟಿ, ಮುಂಭಾಗದಲ್ಲಿ ಹೂವಿನ ಹಾಗೆ ಮೇಲೆದ್ದಿರುತ್ತದೆ. ಅದಕ್ಕೆ ತೋಳುಬಂದಿ ಅನ್ನಿ, ಎಲ್ಲರಿಗೂ ಅರ್ಥವಾಗುತ್ತದೆ. ಸೊಂಟದ್ದಕ್ಕೆ ಡಾಬು ಎಂದರೇನು ತಪ್ಪು? ಪುಸ್ತಕದವರು ಮೇಖಲೆ ಅನ್ನಲಿ ಬಿಡಿ.

ಬಸವನಗುಡಿಯಿಂದ:

ಪಾದ ಚೆನ್ನಾಗಿ ನೆನಪಿದೆ. ಎರಡೂ ಪಕ್ಕಪಕ್ಕ, ಮಂಡಿ ಬಾಗಿರಲಿಲ್ಲ. ಹಾಗಾದರೆ ಸಮಭಂಗವೇ. ತೊಡೆ ಮೇಲಿನ ಸರ ಡಾಬಿನಿಂದ ಕುಣಿಕೆ ಕುಣಿಕೆಯಾಗಿ ಇಳಿದಿತ್ತು. ಅದನ್ನು ಡಾಬಿನ ಭಾಗ ಎನ್ನಬೇಕಾ, ಬೇರೆ ಒಡವೆಯಾ?

ಮಲ್ಲೇಶ್ವರದಿಂದ:

ಅದು ಊರುದಾಮ. ಊರು ಎಂದರೆ ಇಲ್ಲಿ ತೊಡೆ. ಬರೀ ಆ ಹೆಸರು ಬರೆದರೆ ಊರ ಜಾತ್ರೆಯದು ಅಂದುಕೊಂಡಾರು. "ಡಾಬಿನಿಂದ ತೊಡೆಗಳ ಮೇಲೆ ಇಳಿಬಿದ್ದ ಮಣಿಸರಗಳು" ಎಂದು ಬರೆದು ಮುಂದೆ ಹೋಗಿ.

ಶೈಲಿಗೆ "ಸೂಕ್ಷ್ಮ ಕೆತ್ತನೆ" ಬೇಡ. ಯಾವ ಗುಡಿಗೂ ಹೊಂದುವ ಮಾತು ಅದು. ಇಲ್ಲಿ ಕಲ್ಲು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೆತ್ತಗಿರುತ್ತದೆ, ಗಾಳಿಗೆ ಬಿಟ್ಟರೆ ಗಟ್ಟಿಯಾಗುತ್ತದೆ. ಅದಕ್ಕೇ ಶಿಲ್ಪಿ ಉಳಿಯನ್ನು ಒಡವೆಯ ಹಿಂದಕ್ಕೂ ನುಗ್ಗಿಸಿದ್ದಾನೆ. ಸರದ ಮಣಿಗಳು ಮೈಗೆ ಅಂಟಿಕೊಂಡಿಲ್ಲ, ಸಂದಿಯಲ್ಲಿ ಕಪ್ಪು ನೆರಳು ನಿಲ್ಲುತ್ತದೆ. ಬಳ್ಳಿಯ ಚಪ್ಪರವೂ ಹಾಗೇ, ತಲೆಯ ಮೇಲೆ ಮುಂದಕ್ಕೆ ಚಾಚಿರುತ್ತದೆ. ನಮ್ಮ ಕಡೆಯ ಕಣಶಿಲೆಯಲ್ಲಿ ಇಷ್ಟು ಆಳಕ್ಕೆ ಹೋದರೆ ಅಂಚು ಸಿಡಿಯುತ್ತದೆ. ಅಲ್ಲಿನ ಒಡವೆ ಮೈ ಮೇಲೆ ಗೆರೆ ಎಳೆದ ಹಾಗೆ ಕಾಣುವುದು ಇದಕ್ಕೇ. ಈ ವ್ಯತ್ಯಾಸ ಬರೆಯಿರಿ, ಓದುವವರ ಕಣ್ಣಿಗೆ ಕಟ್ಟುತ್ತದೆ.

ಜಯನಗರದಿಂದ:

ಕೊನೆಗೂ ಕೇಶವನೇ ಆದ, ಅಲ್ವಾ! ಆದರೆ ಒಂದು ಅನುಮಾನ. ಒಬ್ಬರೇ ಬರೆದುಕೊಂಡರೂ ಕೈಗಳಿಗೆ ದೇವರ ಬಲ ಹಿಡಿದು, ಜನಿವಾರಕ್ಕೆ ಬಂದಾಗ ಕಣ್ಣಿಗೆ ಕಂಡ ಕಡೆ ಬರೆದಿರಬಹುದಲ್ಲ?

ಮಲ್ಲೇಶ್ವರದಿಂದ:

ಬರೆದಿರಬಹುದು. ಜನಿವಾರದ ಸಾಕ್ಷಿ ಜನಿವಾರಕ್ಕೆ ಮಾತ್ರ ಗಟ್ಟಿ. ಕೈಗಳ ಮಟ್ಟಿಗೆ ಅದು ಊಹೆ. ಇನ್ನೂ ಒಂದಿದೆ: ಕೆಲವು ರೂಪಗಳಿಗೆ ಒಂದು ಗ್ರಂಥದ ಪಟ್ಟಿ ಇನ್ನೊಂದಕ್ಕೆ ಹೊಂದುವುದಿಲ್ಲ. ಹಾಗಾಗಿ ಹೆಸರನ್ನು ಶೀರ್ಷಿಕೆಗೆ ಏರಿಸಬೇಡಿ. ಯಾರಾದರೂ ಆ ಕಡೆ ಹೋದರೆ ಎರಡು ಕೆಲಸ ಹೇಳಿ. ಗದೆ ದೇವರ ಯಾವ ಪಕ್ಕಕ್ಕಿದೆ ನೋಡಲಿ. ಪೀಠದ ಅಂಚಿನಲ್ಲಿ ಹಳೆಯ ಅಕ್ಷರ ಇದೆಯಾ ಎಂದೂ ನೋಡಲಿ. ಆ ಗುಡಿಯಲ್ಲಿ ಮಲ್ಲಿತಮ್ಮನಂಥ ಶಿಲ್ಪಿಗಳು ವಿಗ್ರಹದ ಕೆಳಗೆ ತಮ್ಮ ಹೆಸರು ಕೆತ್ತಿದ್ದಾರೆ. ಸಿಕ್ಕಿದರೆ ವಿವರಣೆಗೆ ಅದನ್ನೂ ಸೇರಿಸಿ.

ಬಸವನಗುಡಿಯಿಂದ:

ಸದ್ಯಕ್ಕೆ ಹೀಗೆ ಬರೆದಿದ್ದೇನೆ, ತಿದ್ದಿ:

"ವಿಷ್ಣು, ಬಹುಶಃ ಕೇಶವ ರೂಪ. ಸೋಮನಾಥಪುರ, 13ನೇ ಶತಮಾನ. ಬಳಪದ ಕಲ್ಲು. ಎರಡೂ ಕಾಲಿನ ಮೇಲೆ ಸಮನಾಗಿ ಭಾರ ಬಿಟ್ಟು ನೆಟ್ಟಗೆ ನಿಂತಿದ್ದಾನೆ. ವಿಗ್ರಹದ ಬಲ ಕೆಳಗೈಯಲ್ಲಿ ಪದ್ಮ, ಮೇಲ್ಗೈಯಲ್ಲಿ ಶಂಖ. ಎಡ ಮೇಲ್ಗೈಯಲ್ಲಿ ಚಕ್ರ, ಕೆಳಗೈಯಲ್ಲಿ ಗದೆ. ತಲೆಗೆ ಎತ್ತರದ ಕಿರೀಟ, ತೋಳಿಗೆ ತೋಳುಬಂದಿ, ಎಡ ಭುಜದಿಂದ ಇಳಿದ ಜನಿವಾರ. ಡಾಬಿನಿಂದ ಮಣಿಸರಗಳು ತೊಡೆಗಳ ಮೇಲೆ ಇಳಿಬಿದ್ದಿವೆ. ಮಣಿಗಳ ಹಿಂದಕ್ಕೂ ಉಳಿ ಹೋಗಿರುವುದರಿಂದ ಸಂದಿಗಳಲ್ಲಿ ನೆರಳು ತುಂಬಿದೆ. ತಲೆಯ ಮೇಲೆ ಬಳ್ಳಿಯ ಚಪ್ಪರ ಮುಂದಕ್ಕೆ ಚಾಚಿದೆ."

ಹಲಸೂರಿನಿಂದ:

ಚೆನ್ನಾಗಿದೆ. ಕಿವಿಯದ್ದು ಬಿಟ್ಟುಹೋಗಿದೆ. ಓಲೆಯೋ ಕುಂಡಲವೋ?

ಬಸವನಗುಡಿಯಿಂದ:

ಟಿಪ್ಪಣಿಯಲ್ಲಿ ಇಲ್ಲ. ಹಾಗಾಗಿ ಬರೆಯಲಿಲ್ಲ. ಬರುವ ಭಾನುವಾರ ಪರಿಚಯದವರೊಬ್ಬರು ಆ ಕಡೆ ಹೊರಟಿದ್ದಾರೆ. ಗದೆ, ಪೀಠದ ಜೊತೆಗೆ ಕಿವಿಯನ್ನೂ ನೋಡಿ ಬರಲು ಹೇಳುತ್ತೇನೆ.