ಪಾಸು, ಮೆರಿಟ್, ಡಿಸ್ಟಿಂಕ್ಷನ್: ಗೆರೆ ಎಲ್ಲಿ ಎಳೆಯುವುದು? ಅನುಭವ ಇದ್ದವರು ಹೇಳಿ

ಬದಿಯಡ್ಕದ ಟೀಚರ್:
ನಮ್ಮೂರಿನ ವಾಚನಾಲಯದಿಂದ ಮಲಯಾಳ ಮತ್ತು ಇಂಗ್ಲಿಷ್ ಮಾಧ್ಯಮದ ಮಕ್ಕಳಿಗೆ ಒಂದು ಕನ್ನಡ ಪರೀಕ್ಷೆ ನಡೆಸುತ್ತಿದ್ದೇವೆ. ಒಟ್ಟು 60 ಅಂಕ. 40 ಆಯ್ಕೆಯ ಪ್ರಶ್ನೆ, 10 ಅಂಕದ ಎರಡು ಬರವಣಿಗೆ. ಸರ್ಟಿಫಿಕೇಟಿನಲ್ಲಿ ಪಾಸು, ಮೆರಿಟ್, ಡಿಸ್ಟಿಂಕ್ಷನ್ ಅಂತ ಬರೆಯಬೇಕು. ಎಷ್ಟಕ್ಕೆ ಯಾವುದು ಅಂತ ಸಮಿತಿಯಲ್ಲಿ ಜಗಳವೇ ಆಯಿತು. ಯಾರಾದರೂ ಸರಿಯಾದ ಕಾರಣ ಇಟ್ಟುಕೊಂಡು ಗೆರೆ ಹಾಕಿದ್ದೀರಾ? ಹೇಗೆ ಮಾಡಿದಿರಿ?

ಕುಂಬಳೆಯ ನಿವೃತ್ತ ಮಾಸ್ಟ್ರು:
ಟೀಚರೇ, ಇದಕ್ಕೆ ಇಷ್ಟು ತಲೆಬಿಸಿ ಬೇಡ. ಶೇಕಡಾ 35ಕ್ಕೆ ಪಾಸು, 60ಕ್ಕೆ ಮೆರಿಟ್, 75ಕ್ಕೆ ಡಿಸ್ಟಿಂಕ್ಷನ್. ನಿಮ್ಮ ಪರೀಕ್ಷೆಯಲ್ಲಿ 21, 36, 45 ಆಯಿತು. ಜನರಿಗೆ ಅರ್ಥ ಆಗುವ ಲೆಕ್ಕ ಇದು, ಯಾರೂ ಪ್ರಶ್ನೆ ಮಾಡುವುದಿಲ್ಲ. ಪತ್ರಿಕೆ ತೀರಾ ಸುಲಭ ಆಗಿಬಿಟ್ಟಿತು ಅಂತ ಅನಿಸಿದರೆ ಮೇಲಿನ 10 ಶೇಕಡಾ ಮಕ್ಕಳಿಗೆ ಮಾತ್ರ ಡಿಸ್ಟಿಂಕ್ಷನ್ ಕೊಡಿ, ಆಗ ಸರಿಹೋಗುತ್ತದೆ.

ಮುಳ್ಳೇರಿಯದಿಂದ:
ನನ್ನ ಮಗನಿಗೆ ಈ ಸಲ ಎಸ್‌ಎಸ್‌ಎಲ್‌ಸಿಯಲ್ಲಿ ಒಂದು ವಿಷಯಕ್ಕೆ ಎ ಬಂದಿದೆ, ಎ ಪ್ಲಸ್ ಬರಬೇಕಿತ್ತು. 90ಕ್ಕೆ ಒಂದೋ ಎರಡೋ ಅಂಕ ಕಡಿಮೆ ಇರಬೇಕು. ಮರುಮೌಲ್ಯಮಾಪನಕ್ಕೆ ಹಾಕಿದರೆ ಸಿಗಬಹುದಾ? ಗೆರೆಯ ಮಾತು ಬಂತಲ್ಲ, ಅದಕ್ಕೆ ಕೇಳಿದೆ.

ಮಂಜೇಶ್ವರದಿಂದ:
ಅಣ್ಣಾ, ನಿಮ್ಮದು ಬೇರೆ ವಿಷಯ. ಅಲ್ಲಿ 90 ಅಂತ ಗೆರೆ ಮೊದಲೇ ಇದೆ, ಅಂಕ ಸರಿಯಾಗಿ ಹಾಕಿದ್ದಾರಾ ಅನ್ನುವುದಷ್ಟೇ ಪ್ರಶ್ನೆ. ಟೀಚರ್ ಕೇಳಿದ್ದು ಆ ಗೆರೆಯನ್ನೇ ಎಲ್ಲಿ ಇಡಬೇಕು ಅಂತ. ನಿಮ್ಮ ಶಾಲೆಯಲ್ಲಿ ವಿಚಾರಿಸಿ, ಅರ್ಜಿಗೆ ಕೊನೆಯ ದಿನ ಇರುತ್ತದೆ.

ಟೀಚರೇ, ನಾನು ಹಲವು ವರ್ಷ ಪ್ರಶ್ನೆಪತ್ರಿಕೆ ಮಾಡುವ ಕೆಲಸದಲ್ಲಿದ್ದೆ. ನಿಮ್ಮಂಥದ್ದೇ ಒಂದು ಪರೀಕ್ಷೆಗೆ ಗೆರೆ ಹಾಕಿದ್ದೇವೆ, ಅದನ್ನೇ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ಮೊದಲು ಮಾಸ್ಟ್ರ ಲೆಕ್ಕ. ನಾಲ್ಕು ಆಯ್ಕೆ ಇರುವ 40 ಪ್ರಶ್ನೆಗೆ ಓದದೆ ಸುಮ್ನೆ ಗುರುತು ಹಾಕಿದರೂ ಸರಾಸರಿ 10 ಬರುತ್ತದೆ. ಪಾಸಿಗೆ 21 ಅಂದರೆ ಇನ್ನು 11 ಸಾಕು. ಅಷ್ಟಕ್ಕೆ ಮಗುವಿಗೆ ಕನ್ನಡ ಓದಲು ಬರುತ್ತದೆ ಅಂತ ನಾವು ಸಹಿ ಹಾಕಬಹುದಾ? ಪತ್ರಿಕೆ ಕಷ್ಟ ಇದ್ದರೆ ಹಾಕಬಹುದು, ಸುಲಭ ಇದ್ದರೆ ಆಗುವುದಿಲ್ಲ. ಪತ್ರಿಕೆ ನೋಡದೆ ಹೇಳಿದ ಸಂಖ್ಯೆಗೆ ಅದು ಗೊತ್ತಿರುವುದಿಲ್ಲ. ಇನ್ನು ಮೇಲಿನ 10 ಶೇಕಡಾ. ಈ ವರ್ಷ ಒಂದು ಶಾಲೆಯಿಂದ ಚೆನ್ನಾಗಿ ಓದುವ ಮಕ್ಕಳ ಗುಂಪು ಬಂದರೆ, ಕಳೆದ ವರ್ಷ ಡಿಸ್ಟಿಂಕ್ಷನ್ ಸಿಗುತ್ತಿದ್ದ ಮಗುವಿಗೆ ಈ ವರ್ಷ ಸಿಗುವುದಿಲ್ಲ. ಆ ಮಗುವಿನ ಕನ್ನಡ ಅಷ್ಟೇ ಇದೆ, ಬದಲಾದದ್ದು ಪಕ್ಕದ ಬೆಂಚು.

ನಾವು ಮಾಡಿದ್ದು ಅಂಗಾಫ್ ವಿಧಾನ. ವಿಲಿಯಂ ಅಂಗಾಫ್ 1971ರಲ್ಲಿ ಬರೆದ ಒಂದು ಅಧ್ಯಾಯದಿಂದ ಆ ಹೆಸರು ಬಂತು. ಮೂಲ ಯೋಚನೆ ಲೆಡ್ಯಾರ್ಡ್ ಟಕ್ಕರ್ ಅವರದು ಅಂತ ಅಂಗಾಫರೇ ಹೇಳಿದ್ದರು. ಕೆಲಸ ಇಷ್ಟೇ: ಪಾಸಿನ ಗೆರೆಯ ಮೇಲೆ ಸರಿಯಾಗಿ ನಿಂತಿರುವ ಒಂದು ಮಗುವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳುವುದು. ಅಂಥ 100 ಮಕ್ಕಳಲ್ಲಿ ಎಷ್ಟು ಮಂದಿ ಈ ಪ್ರಶ್ನೆಗೆ ಸರಿ ಉತ್ತರ ಹಾಕುತ್ತಾರೆ ಅಂತ ಪ್ರತಿ ಪ್ರಶ್ನೆಗೂ ಬರೆಯುವುದು. ಎಲ್ಲ ಪ್ರಶ್ನೆಯದ್ದು ಕೂಡಿಸಿ 100ರಿಂದ ಭಾಗಿಸಿದರೆ ಒಬ್ಬ ಪರೀಕ್ಷಕರ ಗೆರೆ ಬರುತ್ತದೆ. ಬರವಣಿಗೆಗೆ ಶೇಕಡಾ ಬೇಡ, ಆ ಮಗುವಿಗೆ 10ರಲ್ಲಿ ಎಷ್ಟು ಬರುತ್ತದೆ ಅಂತ ಬರೆದು ಕೂಡಿಸಿದರೆ ಆಯಿತು.

ಆ ಮಗು ಯಾರು ಅಂತ ಒಪ್ಪಿಕೊಳ್ಳಲಿಕ್ಕೇ ನಮಗೆ ಎರಡು ಗಂಟೆ ಬೇಕಾಯಿತು. ಕೊನೆಗೆ ಕಾಗದದಲ್ಲಿ ಬರೆದದ್ದು ಹೀಗೆ: ಬಸ್ಸಿನ ಬೋರ್ಡು, ಮದುವೆ ಕಾಗದ ತಡೆದು ತಡೆದು ಆದರೂ ಓದುತ್ತದೆ. ಒತ್ತಕ್ಷರ ಬಂದಾಗ ನಿಂತು ತಿದ್ದಿಕೊಳ್ಳುತ್ತದೆ. ಐದು ಸಾಲು ಬರೆದರೆ ಮಹಾಪ್ರಾಣ ತಪ್ಪಿದರೂ ಹೇಳಲು ಹೊರಟದ್ದು ಗೊತ್ತಾಗುತ್ತದೆ. ಈ ಕಾಗದ ಮೇಜಿನ ಮೇಲೆ ಇಲ್ಲದಿದ್ದರೆ ಮುಂದಿನದ್ದೆಲ್ಲ ಹಾಳು.

ಒಂದು ಪ್ರಶ್ನೆ ತೋರಿಸುತ್ತೇನೆ. 'ಮಳೆಗಾಲ' ಯಾವ ಸಂಧಿ? ಲೋಪ, ಆಗಮ, ಆದೇಶ, ಗುಣ. ನಾವು ಐವರು ಇದ್ದೆವು. ಒಬ್ಬರಿಗೊಬ್ಬರು ತೋರಿಸದೆ ಬರೆದದ್ದು 40, 60, 80, 45, 50. 80 ಬರೆದವರು ಒಳ್ಳೆಯ ಟೀಚರ್. ಯಾಕೆ ಅಂತ ಕೇಳಿದರೆ, 'ನಮ್ಮ ಕ್ಲಾಸಲ್ಲಿ ಇದನ್ನು ನಾಲ್ಕು ಸಲ ಮಾಡಿಸಿದ್ದೇನೆ, ಎಲ್ಲರಿಗೂ ಬರುತ್ತದೆ' ಅಂದರು. ಅವರು ನೋಡುತ್ತಿದ್ದದ್ದು ತಮ್ಮ ಕ್ಲಾಸನ್ನು, ಗೆರೆಯ ಮೇಲಿನ ಮಗುವನ್ನಲ್ಲ. ನಾವು ಕೂತದ್ದು ಪರೀಕ್ಷೆ ಮುಗಿದ ಮೇಲೆ, ಆದ್ದರಿಂದ ಉತ್ತರದ ಲೆಕ್ಕ ಕೈಯಲ್ಲಿತ್ತು. ಬರೆದ 212 ಮಕ್ಕಳಲ್ಲಿ 58 ಶೇಕಡಾ ಮಾತ್ರ ಆ ಪ್ರಶ್ನೆ ಸರಿ ಮಾಡಿದ್ದರು. ಎಲ್ಲ ಮಕ್ಕಳೂ ಸೇರಿ 58 ಅಂದರೆ ಅಂಚಿನ ಮಗುವಿಗೆ 80 ಹೇಗೆ ಬರುತ್ತದೆ, ಅಲ್ವಾ? ಎರಡನೇ ಸುತ್ತಿನಲ್ಲಿ 45, 50, 55, 50, 50 ಆಯಿತು. ಬೇರೊಂದು ಪ್ರಶ್ನೆಗೆ ಒಬ್ಬರು 10 ಬರೆದಿದ್ದರು. ಅದನ್ನೂ ಕೇಳಬೇಕು, ಕಣ್ಣು ಮುಚ್ಚಿ ಹಾಕಿದರೂ 25 ಬರುತ್ತದಲ್ಲ. ದಾರಿ ತಪ್ಪಿಸುವ ಒಂದು ಆಯ್ಕೆಗೆ ಹೆಚ್ಚಿನ ಮಕ್ಕಳು ಬೀಳುತ್ತಾರೆ ಅಂತ ತೋರಿಸಿದರೆ ಮಾತ್ರ 25ಕ್ಕಿಂತ ಕೆಳಗೆ ಹೋಗಬಹುದು.

ಪೂರ್ತಿ 60 ಅಂಕಕ್ಕೆ ಮೊದಲ ಸುತ್ತಿನಲ್ಲಿ ಐವರ ಗೆರೆ 24, 33, 41, 25, 27. ಸರಾಸರಿ 30. ಎರಡನೇ ಸುತ್ತಿನಲ್ಲಿ 27, 29, 30, 26, 28. ಸರಾಸರಿ 28. ಎರಡೇ ಅಂಕದ ವ್ಯತ್ಯಾಸ ಅನಿಸಬಹುದು. ಆದರೆ ಮೊದಲ ಸುತ್ತಿನಲ್ಲಿ ಬೇರೆ ಐವರನ್ನು ಕೂರಿಸಿದ್ದರೆ ಸರಾಸರಿ ಮೂರು ಅಂಕದಷ್ಟು ಆಚೀಚೆ ಆಗುತ್ತಿತ್ತು, ಎರಡನೆಯದರಲ್ಲಿ ಒಂದು ಅಂಕವೂ ಇಲ್ಲ. ಇಲ್ಲಿ ಒಂದು ಎಚ್ಚರಿಕೆ ಬೇಕು. ಸಂಖ್ಯೆ ಹತ್ತಿರ ಬಂದದ್ದು ಯೋಚಿಸಿ ಬಂದದ್ದೋ, ಹಿರಿಯರು ಹೇಳಿದರು ಅಂತ ಬಾಗಿದ್ದೋ? ಅದಕ್ಕೆ ಎರಡನೇ ಸುತ್ತನ್ನೂ ಮಾತು ನಿಲ್ಲಿಸಿ, ಕಾಗದ ಮುಚ್ಚಿ ಬರೆಸಬೇಕು. ಐವರು ನಿಜಕ್ಕೂ ಕಡಿಮೆ. ಎಂಟು ಹತ್ತು ಜನ ಸಿಕ್ಕಿದರೆ ಸೇರಿಸಿ, ಎಲ್ಲರೂ ಒಂದೇ ಶಾಲೆಯವರು ಆಗದಿರಲಿ.

ಪೆರ್ಲದಿಂದ, ಯಕ್ಷಗಾನ ಕಲಿಸುವವರು:
ನಮಗೆ ಈ ಪ್ರಶ್ನೆ-ಪ್ರಶ್ನೆ ಲೆಕ್ಕ ಹೊಂದುವುದಿಲ್ಲ. ತೆಂಕುತಿಟ್ಟಿನ ನಾಟ್ಯ ಪರೀಕ್ಷೆಯಲ್ಲಿ ಹೆಜ್ಜೆಗೆ ಇಷ್ಟು, ತಾಳಕ್ಕೆ ಇಷ್ಟು, ಮಾತಿಗೆ ಇಷ್ಟು ಅಂತ ಅಂಕ ಹಾಕುತ್ತೇವೆ. ಅದರ ಪಕ್ಕದಲ್ಲಿ ಕೂಡಿಸುವ ಮೊದಲೇ ಒಟ್ಟಾರೆ ಒಂದು ಮಾತು ಬರೆಯುತ್ತೇವೆ: ಸಾಲದು, ಅಂಚಿನಲ್ಲಿ, ಸಾಕು. ಕೊನೆಗೆ 'ಅಂಚಿನಲ್ಲಿ' ಅಂತ ಬಂದ ಮಕ್ಕಳ ಅಂಕದ ಸರಾಸರಿ ಎಷ್ಟೋ ಅದೇ ಪಾಸಿನ ಗೆರೆ. ರಂಗದ ಮೇಲೆ ಮಗು ಕಣ್ಣ ಮುಂದೆ ಇರುವಾಗ ಕಲ್ಪನೆಯ ಮಗು ಯಾಕೆ? ಟೀಚರೂ ಬರವಣಿಗೆಗೆ ಹೀಗೆ ಮಾಡಬಹುದು.

ಮಂಜೇಶ್ವರದಿಂದ:
ಗುರುಗಳೇ, ಇದು ಒಳ್ಳೆಯ ದಾರಿ, ಕುಣಿತಕ್ಕೆ ಇದೇ ಸರಿ. ಅಂಚಿನಲ್ಲಿ ಎಷ್ಟು ಮಕ್ಕಳು ಬರುತ್ತಾರೆ ನಿಮಗೆ?

ಪೆರ್ಲದಿಂದ:
ಕಳೆದ ಸಲ ಆರು.

ಮಂಜೇಶ್ವರದಿಂದ:
ಆರು ಜನರ ಸರಾಸರಿ ಒಬ್ಬ ಮಗುವಿನಿಂದಲೇ ಅಲುಗಾಡುತ್ತದೆ. ಅಂಕ ಒಂದು ಕಡೆ, ಒಟ್ಟಾರೆ ಮಾತು ಒಂದು ಕಡೆ ಇಟ್ಟು ಎಲ್ಲ ಮಕ್ಕಳನ್ನೂ ಗ್ರಾಫಿನಲ್ಲಿ ಚುಕ್ಕಿ ಹಾಕಿ, ನಡುವೆ ಒಂದು ನೇರ ಗೆರೆ ಹೊಂದಿಸಿ. 'ಅಂಚಿನಲ್ಲಿ' ಇರುವ ಜಾಗದಲ್ಲಿ ಆ ಗೆರೆ ಎಷ್ಟು ಅಂಕ ತೋರಿಸುತ್ತದೆ ನೋಡಿ. ಆಗ ಆರು ಜನರಲ್ಲ, ಎಲ್ಲರೂ ಲೆಕ್ಕಕ್ಕೆ ಬರುತ್ತಾರೆ. ಸ್ಪ್ರೆಡ್‌ಶೀಟಿನಲ್ಲಿ ಇದು ಸುಲಭ.

ಬದಿಯಡ್ಕದ ಟೀಚರ್:
ಪಾಸಿನದ್ದು ಅರ್ಥ ಆಯಿತು, ತುಂಬಾ ಉಪಕಾರ ಅಕ್ಕಾ. ಆದರೆ ಮೆರಿಟ್, ಡಿಸ್ಟಿಂಕ್ಷನ್? ಪಾಸಿಗೆ 28 ಅಂತ ಬಂದರೆ ಅದರ ಮೇಲೆ ಹತ್ತು ಹತ್ತು ಸೇರಿಸಿದರೆ ಸಾಕಾ?

ಮಂಜೇಶ್ವರದಿಂದ:
ಸಾಲದು. ಹತ್ತು ಅಂತ ಯಾಕೆ ಅಂದರೆ ಹೇಳಲಿಕ್ಕೆ ಕಾರಣ ಇಲ್ಲ. ಮೂರು ಗೆರೆಗೆ ಮೂರು ಬೇರೆ ಮಕ್ಕಳು ಬೇಕು. ನಮ್ಮ ಮೆರಿಟ್ ಮಗು ಪತ್ರಿಕೆಯ ಒಂದು ಸುದ್ದಿ ಓದಿ ತನ್ನ ಮಾತಲ್ಲಿ ಹೇಳುತ್ತದೆ. ಡಿಸ್ಟಿಂಕ್ಷನ್ ಮಗು ಸುದ್ದಿಯಲ್ಲಿ ನೇರವಾಗಿ ಬರೆಯದೆ ಬಿಟ್ಟದ್ದನ್ನೂ ಹಿಡಿಯುತ್ತದೆ. ಪ್ರತಿ ಪ್ರಶ್ನೆಯ ಮುಂದೆ ಮೂರು ಸಂಖ್ಯೆ ಬರೆಯಬೇಕಾಗುತ್ತದೆ. ಒಂದೇ ದಿನ ಮಾಡಿಸಬೇಡಿ, ಮಧ್ಯಾಹ್ನದ ಮೇಲೆ ಎಲ್ಲರೂ ಒಂದೇ ಸಂಖ್ಯೆ ಬರೆಯಲು ಶುರು ಮಾಡುತ್ತಾರೆ.

ನಾವು ಪೆಟ್ಟು ತಿಂದದ್ದು ಇಲ್ಲೇ. ಮೆರಿಟ್‌ಗೆ 43 ಬಂತು, ಡಿಸ್ಟಿಂಕ್ಷನ್‌ಗೆ 46. ನಡುವೆ ಮೂರೇ ಅಂಕ. ಅದೇ ಮಗು ಅದೇ ಮಟ್ಟದ ಇನ್ನೊಂದು ಪತ್ರಿಕೆ ಬರೆದರೆ ಅಂಕ ಎಷ್ಟು ಹೆಚ್ಚು ಕಡಿಮೆ ಆಗುತ್ತದೆ ಅಂತ ಲೆಕ್ಕ ಹಾಕಿದೆವು. ಅಂಕಗಳ ಹರಡು, ಅಂದರೆ ಮಕ್ಕಳ ಅಂಕ ಸರಾಸರಿಯಿಂದ ಎಷ್ಟು ಆಚೀಚೆ ಇದೆ ಅಂತ ಹೇಳುವ ಸ್ಟ್ಯಾಂಡರ್ಡ್ ಡೀವಿಯೇಷನ್, 8 ಇತ್ತು. ಮತ್ತೆ ಪರೀಕ್ಷೆ ಮಾಡಿದರೂ ಅಂಕ ಎಷ್ಟು ಸ್ಥಿರವಾಗಿ ಬರುತ್ತದೆ ಅಂತ 0ಯಿಂದ 1ರ ಒಳಗೆ ಹೇಳುವ ವಿಶ್ವಾಸಾರ್ಹತೆ 0.84.

```
8 × √(1 − 0.84) = 8 × 0.4 = 3.2
```

ಪರೀಕ್ಷೆಯ ತಪ್ಪೇ 3.2 ಇರುವಾಗ ಮೂರು ಅಂಕದ ಅಂತರಕ್ಕೆ ಎರಡು ಹೆಸರು ಕೊಡಲಿಕ್ಕೆ ಆಗುವುದಿಲ್ಲ. ಕಾರಣ ಹುಡುಕಿದರೆ ಪರೀಕ್ಷಕರದ್ದು ತಪ್ಪಿರಲಿಲ್ಲ, ಪತ್ರಿಕೆಯದ್ದು. 40 ಪ್ರಶ್ನೆಯಲ್ಲಿ ಹೆಚ್ಚಿನವು ಪದದ ಅರ್ಥ, ಸಂಧಿ, ವಿರುದ್ಧ ಪದ. ಓದಿ ಯೋಚಿಸುವ ಪ್ರಶ್ನೆ ಒಂದೇ ಒಂದು. ಮೆರಿಟ್ ಮಗುವಿಗೂ ಡಿಸ್ಟಿಂಕ್ಷನ್ ಮಗುವಿಗೂ ಎಲ್ಲದರಲ್ಲೂ 90, 95 ಬಿದ್ದಿತ್ತು. ಆ ವರ್ಷ ಡಿಸ್ಟಿಂಕ್ಷನ್ ಬಿಟ್ಟುಬಿಟ್ಟೆವು. ಮಕ್ಕಳಿಗೆ ಬೇಸರ ಆಯಿತು, ನನಗೆ ಈಗಲೂ ಆ ಬೇಸರ ಇದೆ. ಮುಂದಿನ ವರ್ಷ ಗದ್ಯ ಕೊಟ್ಟು ಕೇಳುವ ಎಂಟು ಪ್ರಶ್ನೆ ಸೇರಿಸಿದೆವು, ಗೆರೆ 42 ಮತ್ತು 51 ಆಯಿತು. ನಿಮ್ಮ ಪತ್ರಿಕೆ ಅಚ್ಚಿಗೆ ಹೋಗದಿದ್ದರೆ ಇದನ್ನು ಈಗಲೇ ನೋಡಿ.

ಕುಂಬಳೆಯ ನಿವೃತ್ತ ಮಾಸ್ಟ್ರು:
ಪಕ್ಕದ ಬೆಂಚಿನ ಮಾತು ಒಪ್ಪಿದೆ. ಆದರೆ 28ಕ್ಕೆ ಗೆರೆ ಹಾಕಿದಾಗ ಎಷ್ಟು ಮಕ್ಕಳು ಫೇಲಾದರು? ಆ ಸಂಖ್ಯೆಯನ್ನು ಪರೀಕ್ಷಕರಿಗೆ ಮೊದಲೇ ತೋರಿಸಿದಿರಾ?

ಮಂಜೇಶ್ವರದಿಂದ:
31 ಮಕ್ಕಳು, ಸುಮಾರು 15 ಶೇಕಡಾ. ಎರಡೂ ಸುತ್ತು ಮುಗಿದ ಮೇಲೆ ತೋರಿಸಿದೆವು. ಸಮಿತಿಯಲ್ಲಿ ಒಬ್ಬರು 24 ಮಾಡಿ ಅಂದರು. ನಮ್ಮ ಪುಣ್ಯಕ್ಕೆ ಪರೀಕ್ಷೆಗೆ ಮೊದಲೇ ಎಲ್ಲರಿಂದ ಬರೆಸಿಕೊಂಡಿದ್ದೆವು, ಕಡಿಮೆ ಅಂದರೆ ಎಷ್ಟು, ಜಾಸ್ತಿ ಅಂದರೆ ಎಷ್ಟು ಶೇಕಡಾ ಫೇಲಾದರೆ ಒಪ್ಪುತ್ತೀರಿ ಅಂತ. 5ರಿಂದ 20ರ ಒಳಗೆ ಬಂದಿತ್ತು. 28 ಹಾಗೇ ಉಳಿಯಿತು. ಹೋಫ್‌ಸ್ಟೀ ಎಂಬ ಡಚ್ ಮನಃಶಾಸ್ತ್ರಜ್ಞರ ವಿಧಾನದಿಂದ ಎತ್ತಿಕೊಂಡ ಉಪಾಯ ಅದು.

ಕುಂಬಳೆಯ ನಿವೃತ್ತ ಮಾಸ್ಟ್ರು:
ನನ್ನ ಪ್ರಕಾರ ಸುತ್ತುಗಳ ನಡುವೆಯೇ ತೋರಿಸಬೇಕು. ಅರ್ಧ ಮಕ್ಕಳು ಫೇಲಾಗುವ ಗೆರೆ ಅಂತ ಗೊತ್ತಿಲ್ಲದೆ ಬರೆಯುವುದು ಜವಾಬ್ದಾರಿಯ ಕೆಲಸ ಅಲ್ಲ.

ಮಂಜೇಶ್ವರದಿಂದ:
ಹಾಗೆ ಮಾಡುವವರೂ ಇದ್ದಾರೆ. ನನಗೆ ಹೆದರಿಕೆ ಏನೆಂದರೆ ಆಮೇಲೆ ಎಲ್ಲರೂ ಆ ಶೇಕಡಾ ನೋಡಿಯೇ ಬರೆಯುತ್ತಾರೆ, ಪ್ರಶ್ನೆ ನೋಡುವುದಿಲ್ಲ. ಇದರಲ್ಲಿ ನಾವಿಬ್ಬರೂ ಒಪ್ಪುವುದು ಕಷ್ಟ ಮಾಸ್ಟ್ರೇ.

ಬದಿಯಡ್ಕದ ಟೀಚರ್:
ಪತ್ರಿಕೆ ಶುಕ್ರವಾರ ಅಚ್ಚಿಗೆ. ಈಗ ಎಣಿಸಿ ನೋಡಿದೆ, ಗದ್ಯ ಓದಿ ಉತ್ತರಿಸುವ ಪ್ರಶ್ನೆ ಮೂರೇ ಇವೆ. ಇನ್ನೂ ಐದಾರು ಸೇರಿಸುತ್ತೇನೆ. ಇನ್ನೊಂದು ಸಂಶಯ: ಆಯ್ಕೆಯ ಪ್ರಶ್ನೆಯಲ್ಲಿ 36 ತೆಗೆದು ಬರವಣಿಗೆಯಲ್ಲಿ 20ಕ್ಕೆ 2 ಬಂದ ಮಗುವಿಗೂ ಪಾಸು ಕೊಡಬೇಕಾ, ಅಥವಾ ಬರವಣಿಗೆಗೆ ಬೇರೆಯೇ ಒಂದು ಗೆರೆ ಬೇಕಾ? ನಮ್ಮಲ್ಲಿ ಮಾತಾಡಲು ಬರುವ, ಓದಲು ಬರುವ, ಆದರೆ ಬರೆಯಲು ಬಾರದ ಮಕ್ಕಳೇ ಜಾಸ್ತಿ.